ಮಗೂಗೆ ಚಿಕನ್ ಪಾಕ್ಸ್ ಆದ್ರೆ: ಮೊದಲ ಗುಳ್ಳೆಯಿಂದ ಹಕ್ಕಳೆ ಉದುರೋವರೆಗೂ ಮನೇಲಿ ಏನೇನು ಮಾಡ್ಬೇಕು

ನನ್ನ ಮಗಳಿಗೆ ಐದು ವರ್ಷ ಇದ್ದಾಗ, ಫೆಬ್ರವರಿ ಕೊನೇಲಿ, ಸಂಜೆ ಸ್ನಾನ ಮಾಡಿಸ್ತಾ ಬೆನ್ನ ಮೇಲೆ ಮೂರು ಕೆಂಪು ಚುಕ್ಕೆ ನೋಡ್ದೆ, ಸೊಳ್ಳೆ ಕಚ್ಚಿರ್ಬೇಕು ಅಂದ್ಕೊಂಡು ಸುಮ್ಮನಾದೆ. ಬೆಳಿಗ್ಗೆ ಎದ್ದು ನೋಡಿದ್ರೆ ಅದ್ರಲ್ಲಿ ಒಂದು ನೀರಿನ ಹನಿ ಥರ ಉಬ್ಬಿತ್ತು, ಹೊಟ್ಟೆ ಮೇಲೆ ಇನ್ನೂ ಏಳೆಂಟು ಎದ್ದಿತ್ತು, ಮೈ ಬೆಚ್ಚಗಿತ್ತು. ಅತ್ತೆ ಒಂದು ಸಲ ನೋಡಿ, "ಅಮ್ಮ ಆಗಿದೆ ಕಣಮ್ಮ, ಇವತ್ತಿಂದ ಮನೇಲಿ ಒಗ್ಗರಣೆ ಹಾಕ್ಬೇಡ" ಅಂದ್ರು. ಅವರ ರೋಗನಿರ್ಣಯ ಸರಿ ಇತ್ತು, ಮಧ್ಯಾಹ್ನ ಮಕ್ಕಳ ಡಾಕ್ಟ್ರು ಅದನ್ನೇ ಹೇಳಿದ್ರು.

ಆಮೇಲಿನ ಎರಡು ವಾರದಲ್ಲಿ ನಾನು ಕಲಿತಿದ್ದನ್ನ ಇಲ್ಲಿ ಬರೀತಿದೀನಿ. ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ. ಜ್ವರ, ತುರಿಕೆ ಎಲ್ಲಾ ಜೋರಾಗಿರೋ ಮೊದಲ ನಾಲ್ಕು ದಿನ ನಾವೆಲ್ಲಾ ಮೈಯೆಲ್ಲಾ ಕಣ್ಣಾಗಿ ನೋಡ್ಕೊಳ್ತೀವಿ, ಆದ್ರೆ ಗುಳ್ಳೆಗೆ ಇನ್ಫೆಕ್ಷನ್ ಆಗೋದು ಬಹಳ ಸಲ ಅದಾದ್ಮೇಲೆ, ಜ್ವರ ಇಳೀತು ಇನ್ನೇನು ಮುಗೀತು ಅಂತ ನಾವು ಉಸಿರು ಬಿಟ್ಟ ಮೇಲೆ. ನಮ್ಮನೇಲೂ ಹಂಗೇ ಆಯ್ತು.

ಇದು ಅದೇನಾ ಅಂತ ಗೊತ್ತು ಮಾಡ್ಕೊಳ್ಳೋದು

ಗುಳ್ಳೆ ಮೊದಲು ಎದೆ, ಹೊಟ್ಟೆ, ಬೆನ್ನು, ಮುಖದಲ್ಲಿ ಶುರುವಾಗಿ ಆಮೇಲೆ ಕೈಕಾಲಿಗೆ ಹೋಗತ್ತೆ. ತಲೆಗೂದಲು ಬಿಡಿಸಿ ನೋಡಿ, ಅಲ್ಲೂ ಇರತ್ತೆ. ಮುಖ್ಯ ಗುರುತು ಏನಂದ್ರೆ ಒಂದೇ ಜಾಗದಲ್ಲಿ ಎಲ್ಲಾ ವಯಸ್ಸಿನ ಗುಳ್ಳೆ ಒಟ್ಟಿಗೆ ಕಾಣತ್ತೆ, ಒಂದು ಬರೀ ಕೆಂಪು ಚುಕ್ಕೆ, ಪಕ್ಕದ್ದು ನೀರು ತುಂಬಿದ್ದು, ಅದರ ಪಕ್ಕದ್ದು ಆಗ್ಲೇ ಒಣಗಿ ಹಕ್ಕಳೆ ಕಟ್ಟಿದ್ದು. ಕೈಕಾಲು ಬಾಯಿ ಕಾಯಿಲೆ ಅಂತ ಇನ್ನೊಂದು ಸ್ಕೂಲಲ್ಲಿ ಓಡಾಡತ್ತಲ್ಲ, ಅದ್ರಲ್ಲಿ ಹೆಚ್ಚಾಗಿ ಅಂಗೈ, ಅಂಗಾಲು, ಬಾಯಿ ಸುತ್ತ ಬರತ್ತೆ, ಮೈ ಮೇಲೆ ಕಮ್ಮಿ. ಡೌಟಿದ್ರೆ ಒಂದು ಫೋಟೋ ತೆಗೆದು ಡಾಕ್ಟ್ರಿಗೆ ಫೋನ್ ಮಾಡಿ. ಸೀದಾ ಕ್ಲಿನಿಕ್ಕಿಗೆ ಹೋಗಿ ಆ ಕಡೆ ಈ ಕಡೆ ಮಕ್ಕಳ ಮಧ್ಯೆ ಕೂರ್ಬೇಡಿ, ಇದು ಗಾಳೀಲೂ ಹರಡತ್ತೆ, ಕಾಯೋ ಜಾಗದಲ್ಲಿ ಯಾರೋ ಬಸುರಿ ಇದ್ರೆ ಅವರಿಗೆ ತೊಂದ್ರೆ. ಮೊದ್ಲೇ ಹೇಳಿ ಹೋದ್ರೆ ಹೊರಗಡೆನೇ ನೋಡ್ತಾರೆ.

ಹೆಚ್ಚಿನ ಮಕ್ಕಳಿಗೆ ಮನೇಲೇ ನೋಡ್ಕೊಂಡ್ರೆ ಸಾಕು. ಆದ್ರೆ ಎಳೇ ಕೂಸು, ಹನ್ನೆರಡು ವರ್ಷ ದಾಟಿದ ಮಕ್ಕಳು, ಆಸ್ತಮಾಗೋ ಇನ್ಯಾವುದಕ್ಕೋ ಸ್ಟೀರಾಯ್ಡ್ ತಗೋತಿರೋರು, ಕ್ಯಾನ್ಸರ್ ಟ್ರೀಟ್ಮೆಂಟಲ್ಲಿ ಇರೋರು, ಮೊದ್ಲಿಂದ ಎಕ್ಸಿಮಾ ಥರ ಚರ್ಮದ ಕಾಯಿಲೆ ಇರೋರು, ಇವರನ್ನ ಮೊದಲ ದಿನವೇ ಡಾಕ್ಟ್ರಿಗೆ ತೋರಿಸ್ಬೇಕು. ಎಸೈಕ್ಲೋವಿರ್ ಅಂತ ವೈರಸ್ ಔಷಧಿ ಇದೆ, ಗುಳ್ಳೆ ಬಂದ 24 ಗಂಟೆ ಒಳಗೆ ಶುರು ಮಾಡಿದ್ರೆ ಅದರ ಉಪಯೋಗ ಜಾಸ್ತಿ, ಯಾರಿಗೆ ಬೇಕು ಅಂತ ಅವರೇ ಹೇಳ್ತಾರೆ. ಮೂರನೇ ದಿನ ಮೆಡಿಕಲ್ ಶಾಪಲ್ಲಿ ನಾವೇ ಕೇಳಿ ತಂದು ಕೊಡೋ ಔಷಧಿ ಅಲ್ಲ ಅದು.

ಜ್ವರ: ಯಾವುದು ಕೊಡ್ಬೋದು, ಯಾವುದು ಮುಟ್ಲೇಬಾರ್ದು

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ. ಲೆಕ್ಕ ಮಗೂನ ವಯಸ್ಸಿನ ಮೇಲಲ್ಲ, ತೂಕದ ಮೇಲೆ, ಒಂದು ಕಿಲೋಗೆ ಒಂದು ಸಲಕ್ಕೆ 15 ಮಿಲಿಗ್ರಾಂ. ನನ್ನ ಮಗಳು ಆಗ 16 ಕಿಲೋ, ಅಂದ್ರೆ 240 ಮಿಲಿಗ್ರಾಂ. ಈಗ ಬಾಟ್ಲಿ ಓದ್ಬೇಕು, ಇಲ್ಲೇ ಎಲ್ಲರೂ ಎಡವೋದು. 5 ಎಂಎಲ್‌ನಲ್ಲಿ 250 ಮಿಲಿಗ್ರಾಂ ಅಂತ ಇದ್ರೆ ಅವಳಿಗೆ 5 ಎಂಎಲ್‌ಗಿಂತ ಒಂಚೂರು ಕಮ್ಮಿ, 5 ಎಂಎಲ್‌ನಲ್ಲಿ 120 ಅಂತ ಇದ್ರೆ 10 ಎಂಎಲ್. ಎಳೇ ಮಕ್ಕಳಿಗೆ ಕೊಡೋ ಡ್ರಾಪ್ಸ್ ಇನ್ನೂ ಗಟ್ಟಿ, ಸಾಮಾನ್ಯವಾಗಿ 1 ಎಂಎಲ್‌ಗೇ 100 ಮಿಲಿಗ್ರಾಂ ಇರತ್ತೆ, ಅದನ್ನ ಸಿರಪ್ ಅಂದ್ಕೊಂಡು ಚಮಚದಲ್ಲಿ ಹಾಕಿದ್ರೆ ಅನಾಹುತ. ಎರಡು ಡೋಸ್ ಮಧ್ಯೆ ನಾಲ್ಕು ಗಂಟೆಯಾದ್ರೂ ಗ್ಯಾಪ್ ಬೇಕು, ಆರು ಗಂಟೆ ಆದ್ರೆ ಒಳ್ಳೇದು, ದಿನಕ್ಕೆ ನಾಲ್ಕು ಸಲ ಮೀರಬಾರ್ದು. ನಾನು ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೆ, ಟೈಮು, ಜ್ವರ ಎಷ್ಟಿತ್ತು, ಎಷ್ಟು ಕೊಟ್ವಿ ಅಂತ, ಇಲ್ಲಾಂದ್ರೆ ನಾನೊಂದು ಸಲ ಕೊಡ್ತೀನಿ, ಗೊತ್ತಿಲ್ದೆ ಯಜಮಾನ್ರು ಇನ್ನೊಂದು ಸಲ ಕೊಡ್ತಾರೆ. ಈ ಚೀಟಿ ಆಮೇಲೆ ಬೇರೆ ರೀತೀಲಿ ಉಪಯೋಗಕ್ಕೆ ಬಂತು, ಮುಂದೆ ಹೇಳ್ತೀನಿ.

ಆಸ್ಪಿರಿನ್ ಇರೋ ಯಾವ ಮಾತ್ರೆನೂ ಕೊಡಬೇಡಿ, ದೊಡ್ಡೋರು ತಲೆನೋವಿಗೆ ನೀರಲ್ಲಿ ಕರಗಿಸ್ಕೊಂಡು ಕುಡೀತಾರಲ್ಲ ಆ ಥರದ್ದು. ಚಿಕನ್ ಪಾಕ್ಸ್ ಇರೋ ಮಗೂಗೆ ಅದು ಲಿವರ್ ಮತ್ತು ಮಿದುಳಿಗೆ ಹೊಡೆಯೋ ರೈಸ್ ಸಿಂಡ್ರೋಮ್ ತರಬಹುದು, ಅಪರೂಪ, ಆದ್ರೆ ಜೀವಕ್ಕೇ ಕುತ್ತು. ಐಬುಪ್ರೊಫೆನ್ ಕೂಡ ಬೇಡ, ಈ ಕಾಯಿಲೇಲಿ ಅದನ್ನ ಕೊಟ್ಟ ಮಕ್ಕಳಲ್ಲಿ ಚರ್ಮದ ಆಳದ ಇನ್ಫೆಕ್ಷನ್ ಜಾಸ್ತಿ ಕಂಡಿದೆ. ಪ್ಯಾರಸಿಟಮಾಲ್ ಜೊತೆ ಐಬುಪ್ರೊಫೆನ್ ಸೇರಿಸಿರೋ ಸಿರಪ್ ನಮ್ಮಲ್ಲಿ ಧಾರಾಳವಾಗಿ ಸಿಗತ್ತೆ, ಎಷ್ಟೋ ಮನೇಲಿ ಹಳೇ ಬಾಟ್ಲಿ ಅದೇ ಇರೋದು, ಅದಕ್ಕೇ ಹೆಸರು ನೋಡಿ ಕೊಡಬೇಡಿ, ಹಿಂದಿನ ಸಣ್ಣ ಅಕ್ಷರ ಓದಿ ಕೊಡಿ.

ತುರಿಕೆ

ಇದೇ ನಿಜವಾದ ಯುದ್ಧ, ಅದೂ ರಾತ್ರಿ ಹೊತ್ತು. ಹಗಲು ಆಟ ಟೀವಿ ಅಂತ ಮರೀತಾರೆ, ಲೈಟ್ ಆರಿಸಿದ್ ತಕ್ಷಣ ಶುರು.

ಮೊದಲು ಉಗುರು. ಬರೀ ಕತ್ತರಿಸಿದ್ರೆ ಅಂಚು ಚೂಪಾಗೇ ಇರತ್ತೆ, ಆಮೇಲೆ ಉಜ್ಜಿ ನುಣ್ಣಗೆ ಮಾಡಿ. ದಿನಕ್ಕೆ ನಾಲ್ಕೈದು ಸಲ ಸೋಪಲ್ಲಿ ಕೈ ತೊಳೆಸಿ, ಯಾಕಂದ್ರೆ ಗುಳ್ಳೆಗೆ ಇನ್ಫೆಕ್ಷನ್ ಮಾಡೋ ಬ್ಯಾಕ್ಟೀರಿಯಾ ಹೊರಗಿನಿಂದ ಬರೋದಲ್ಲ, ಹೆಚ್ಚಾಗಿ ನಮ್ಮ ಚರ್ಮ, ಮೂಗಲ್ಲೇ ಇರೋದು, ಉಗುರಿನ ಸಂದೀಲಿ ಕೂತು ಒಡೆದ ಗುಳ್ಳೆ ಒಳಗೆ ಹೋಗತ್ತೆ. ಪುಟ್ಟ ಮಕ್ಕಳಿಗೆ ರಾತ್ರಿ ಕೈಗೆ ಹತ್ತಿ ಸಾಕ್ಸ್ ಹಾಕಿ.

ಎರಡನೇದು, ಮೈ ತಂಪಾಗಿರ್ಬೇಕು. ಅಮ್ಮ ಆಗಿದೆ, ಗಾಳಿ ತಾಗಬಾರ್ದು ಅಂತ ಕಿಟಕಿ ಮುಚ್ಚಿ ಕಂಬಳಿ ಹೊದಿಸಿದ್ರೆ ಬೆವರಿಗೆ ತುರಿಕೆ ಎರಡರಷ್ಟಾಗತ್ತೆ. ಫ್ಯಾನ್ ಹಾಕಿ, ತೆಳ್ಳಗಿನ ಹಳೇ ಹತ್ತಿ ಬಟ್ಟೆ ಸಡಿಲವಾಗಿ ಹಾಕಿ.

ಮೂರನೇದು ಸ್ನಾನ. ನಮ್ಮ ಕಡೆ ನೀರು ಹಾಕೋ ದಿನ ಅಂತ ಒಂದಿರತ್ತೆ, ಅಲ್ಲೀವರೆಗೂ ಮೈಗೆ ನೀರು ಮುಟ್ಟಿಸಲ್ಲ. ಈ ವಿಷಯದಲ್ಲಿ ಅತ್ತೆಗೂ ನನಗೂ ಸ್ವಲ್ಪ ಮಾತು ಬೆಳೀತು.

"ಒಂಬತ್ತು ದಿನ ಆಗ್ಲಿ ತಡಿಯಮ್ಮ, ಬೇವಿನ ನೀರು ಹಾಕೋಣ" ಅಂದ್ರು.

"ಅತ್ತೆ, ಬೇವಿನ ನೀರೇ ಹಾಕೋಣ, ಆದ್ರೆ ಇವತ್ತಿಂದ್ಲೇ ಹಾಕೋಣ, ಬೆವರು ನಿಂತ್ರೆ ಗುಳ್ಳೆ ಕೊಳೆಯತ್ತಂತೆ, ಡಾಕ್ಟ್ರು ಹೇಳಿದಾರೆ" ಅಂದೆ. ಒಪ್ಕೊಂಡ್ರು, ಒಂಬತ್ತನೇ ದಿನದ ನೀರನ್ನ ಅವರ ಕೈಯಿಂದಾನೇ ಹಾಕ್ಸಿದ್ವಿ.

ಸ್ನಾನದ ನೀರು ಉಗುರುಬೆಚ್ಚಗೆ ಇರ್ಬೇಕು, ಬಿಸಿ ಬೇಡ. ಹತ್ತು ನಿಮಿಷ, ದಿನಕ್ಕೆ ಒಂದೆರಡು ಸಲ. ಬೇವಿನ ಸೊಪ್ಪು ಹಾಕಿ ಕುದಿಸಿ ಆರಿಸಿ ಬೆರೆಸಿದ ನೀರಿಗೆ ನನ್ನ ತಕರಾರಿಲ್ಲ, ಆದ್ರೆ ನನ್ನ ಮಗಳಿಗೆ ನಿಜವಾಗಿ ಸುಖ ಕೊಟ್ಟಿದ್ದು ಓಟ್ಸ್. ಎರಡು ಮುಷ್ಟಿ ಓಟ್ಸ್ ಮಿಕ್ಸೀಲಿ ನುಣ್ಣಗೆ ಪುಡಿ ಮಾಡಿ, ಹಳೇ ಪಂಚೆ ತುಂಡಲ್ಲಿ ಗಂಟು ಕಟ್ಟಿ, ಟಬ್ ನೀರಲ್ಲಿ ಅದ್ದಿ ಹಿಂಡ್ತಾ ಇದ್ರೆ ನೀರು ಹಾಲಿನ ಥರ ಜಿಗುಟಾಗತ್ತೆ, ಅದ್ರಲ್ಲಿ ಕೂರಿಸಿ ಮಗ್ಗಲ್ಲಿ ನಿಧಾನಕ್ಕೆ ಮೈಮೇಲೆ ಹುಯ್ತಿದ್ದೆ (ಮಸಾಲಾ ಓಟ್ಸ್ ತಂದ್ಬಿಟ್ಟೀರಾ ಮತ್ತೆ, ಯಜಮಾನ್ರು ತಂದಿದ್ರು). ಟಬ್ ಜಾರತ್ತೆ, ಕೈ ಬಿಡ್ಬೇಡಿ. ಆಮೇಲೆ ಟವೆಲಲ್ಲಿ ಉಜ್ಜಬೇಡಿ, ಒತ್ತಿ ಒತ್ತಿ ನೀರು ತೆಗೀರಿ. ನೀರಿಗೆ ಡೆಟಾಲ್ ಥರದ್ದು ಹಾಕೋದು ಬೇಡ, ಒಡೆದ ಗುಳ್ಳೆ ಉರಿಯತ್ತೆ ಅಷ್ಟೇ.

ನಾಲ್ಕನೇದು ಕ್ಯಾಲಮೈನ್ ಲೋಶನ್. ಬಾಟ್ಲಿ ಚೆನ್ನಾಗಿ ಅಲ್ಲಾಡಿಸಿ ಹತ್ತೀಲಿ ಒಂದೊಂದು ಗುಳ್ಳೆ ಮೇಲೂ ಮುಟ್ಟಿಸಿ ಬಿಡಿ, ಕಣ್ಣು, ಬಾಯಿ ಒಳಗೆ, ಮೂತ್ರದ ಜಾಗ, ಒಡೆದು ಹಸಿಯಾಗಿರೋದು, ಇವನ್ನ ಬಿಟ್ಟು. ಮುಖಕ್ಕೆ ಅಂತ ಮಾರೋ ಬ್ಯೂಟಿ ಲೋಶನ್‌ಗೂ ಕ್ಯಾಲಮೈನ್ ಹೆಸರಿರತ್ತೆ, ಅದರಲ್ಲಿ ಸೆಂಟು, ಏನೇನೋ ಸೇರಿರತ್ತೆ, ಅದಲ್ಲ ಬೇಕಿರೋದು. ಇನ್ನೊಂದು, ಹಳೇ ಪದರ ತೊಳೀದೆ ಮೇಲೆ ಮೇಲೆ ಬಳೀತಾ ಹೋದ್ರೆ ಗೋಡೆಗೆ ಸುಣ್ಣ ಹೊಡೆದಂಗೆ ಆಗಿ ಕೆಳಗಿನ ಚರ್ಮ ಕೆಂಪಾಗಿದೆಯಾ ಕೀವಾಗಿದೆಯಾ ಏನೂ ಕಾಣಲ್ಲ. ಅರಿಶಿನ ಬೇವು ಅರೆದು ಮೆತ್ತೋದಕ್ಕೆ ನಾನು ಬೇಡ ಅನ್ನೋದೂ ಇದಕ್ಕೇ, ಹಳದಿ ಕೆಳಗೆ ಎಲ್ಲಾ ಮುಚ್ಚಿಹೋಗತ್ತೆ, ಒಳಕಲ್ಲಲ್ಲಿ ಅರೆದಿದ್ದು ಎಷ್ಟು ಕ್ಲೀನು ಅಂತ ಯಾರಿಗೆ ಗೊತ್ತು. ಬೇವಿನ ಎಳೇ ಕಡ್ಡಿಯಿಂದ ಮೆಲ್ಲಗೆ ಸವರೋದು ಮಾತ್ರ ಒಳ್ಳೇ ಪದ್ಧತಿ, ಉಗುರಿಗಿಂತ ಎಷ್ಟೋ ವಾಸಿ.

ಮತ್ತೆ ನಮ್ಮ ಬಾಯಲ್ಲಿ ದಿನಾ ನೂರು ಸಲ ಬರೋ ಮಾತು "ತುರಿಸ್ಕೋಬೇಡ" ಅಂತ, ಅದು ಕೆಲ್ಸ ಮಾಡಲ್ಲ. ಕೈಗೆ ಬೇರೆ ಕೆಲ್ಸ ಕೊಡ್ಬೇಕು. ನಾನು ಅವಳಿಗೆ ತುರಿಕೆ ಬಂದ ಜಾಗದಲ್ಲಿ ಅಂಗೈಯಿಂದ ತಟ್ಟೋಕೆ ಹೇಳ್ಕೊಟ್ಟೆ, ಚಪಾತಿ ಹಿಟ್ಟು ತಟ್ಟಿದಂಗೆ. ಎರಡನೇ ರಾತ್ರಿ ನಿದ್ದೇಲೇ ಹೊಟ್ಟೆ ತಟ್ಕೊಳ್ತಾ ಮಲ್ಗಿತ್ತು ಪಾಪ. ತಟ್ಟಿದ್ರೂ ತಡೀದಿದ್ದಾಗ ತೆಳು ಬಟ್ಟೆ ತಣ್ಣೀರಲ್ಲಿ ಅದ್ದಿ ಹಿಂಡಿ ಐದು ನಿಮಿಷ ಇಡ್ತಿದ್ದೆ.

ನಿದ್ದೆನೇ ಇಲ್ಲ ಅನ್ನೋ ಮಟ್ಟಕ್ಕೆ ಹೋದ್ರೆ ಅಲರ್ಜಿ ಸಿರಪ್ ಬರ್ಕೊಡ್ತಾರೆ, ಸೆಟಿರಿಜಿನ್ ಥರದ್ದು, ಡೋಸ್ ಡಾಕ್ಟ್ರು ಹೇಳಿದಷ್ಟೇ. ಯಾವ ಕಾರಣಕ್ಕೂ ಮನೇಲಿರೋ ತುರಿಕೆ ಕ್ರೀಮ್ ಹಚ್ಬೇಡಿ, ಅದ್ರಲ್ಲಿ ಬಹಳಷ್ಟರಲ್ಲಿ ಸ್ಟೀರಾಯ್ಡ್ ಇರತ್ತೆ, ಈ ಕಾಯಿಲೇಲಿ ಅದು ವಿಷ.

ಊಟದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಬಾಯೊಳಗೂ ಗುಳ್ಳೆ ಆಗಿರತ್ತೆ, ಅದಕ್ಕೇ ಖಾರ, ಹುಳಿ, ಬಿಸಿ ತಿನ್ನೋಕಾಗಲ್ಲ, ಮೊಸರನ್ನ, ರಾಗಿ ಅಂಬಲಿ, ಎಳನೀರು, ಉಪ್ಪು ಕಮ್ಮಿ ಹಾಕಿದ ಮಜ್ಜಿಗೆ ಕೊಡಿ. ಊಟ ಎರಡು ದಿನ ಕಮ್ಮಿ ಆದ್ರೂ ಪರ್ವಾಗಿಲ್ಲ, ನೀರು ಕಮ್ಮಿ ಆಗಬಾರ್ದು, ಎಂಟು ಗಂಟೆ ಉಚ್ಚೆ ಹೋಗಿಲ್ಲ ಅಂದ್ರೆ ಡಾಕ್ಟ್ರಿಗೆ ಹೇಳಿ. ಮೂತ್ರದ ಜಾಗದಲ್ಲಿ ಗುಳ್ಳೆ ಆಗಿ ಉರಿಗೆ ಹೆದರಿ ತಡ್ಕೊಳ್ತಿದ್ರೆ ಉಗುರುಬೆಚ್ಚಗಿನ ನೀರಿನ ಟಬ್ಬಲ್ಲಿ ಕೂರಿಸಿ ಅಲ್ಲೇ ಹೋಗು ಅನ್ನಿ.

ಇನ್ಫೆಕ್ಷನ್: ಏಳನೇ ದಿನ ನಮ್ಮನೇಲಿ ಆಗಿದ್ದು

ಸಾಮಾನ್ಯ ದಾರಿ ಹಿಂಗಿರತ್ತೆ: ಜ್ವರ ಮೂರ್ನಾಲ್ಕು ದಿನ, ಹೊಸ ಗುಳ್ಳೆ ಏಳೋದು ಐದನೇ ದಿನದ ಹೊತ್ತಿಗೆ ನಿಲ್ಲತ್ತೆ, ಆಮೇಲೆ ಎಲ್ಲಾ ಒಣಗ್ತಾ ಬರತ್ತೆ. ಮಗಳದ್ದು ಹಂಗೇ ಹೋಗ್ತಿತ್ತು. ಚೀಟೀಲಿ ಮೊದಲ ದಿನ 101, ಎರಡನೇ ದಿನ 102, ಮೂರನೇ ದಿನ 101, ನಾಲ್ಕನೇ ದಿನ ಸಂಜೆ ನಾರ್ಮಲ್, ಐದು ಆರು ಏನಿಲ್ಲ. ಏಳನೇ ದಿನ ಸಂಜೆ ಮತ್ತೆ 102. ಯಜಮಾನ್ರು ಅಮ್ಮನ ಜ್ವರಾನೇ ಇರ್ಬೇಕು ಬಿಡು ಅಂದ್ರು. ಚೀಟಿ ಇಲ್ದಿದ್ರೆ ನಾನೂ ಹಂಗೇ ಅಂದ್ಕೊಳ್ತಿದ್ದೆ. ಬಿಟ್ಟು ಎರಡು ದಿನ ಆದ್ಮೇಲೆ ಮತ್ತೆ ಬಂದ ಜ್ವರ ಚಿಕನ್ ಪಾಕ್ಸಿಂದಲ್ಲ ಅಂತಾನೇ ತಿಳ್ಕೊಂಡು ಹುಡುಕ್ಬೇಕು. ನಾಲ್ಕು ದಿನ ದಾಟಿದ್ರೂ ಬಿಡದ ಜ್ವರಕ್ಕೂ ಇದೇ ಮಾತು.

ಬಟ್ಟೆ ಪೂರ್ತಿ ಬಿಚ್ಚಿಸಿ, ಟ್ಯೂಬ್‌ಲೈಟ್ ಕೆಳಗೆ ನಿಲ್ಲಿಸಿ ತಲೆಯಿಂದ ಕಾಲವರೆಗೂ ನೋಡ್ದೆ. ಬೇರೆ ಎಲ್ಲಾ ಗುಳ್ಳೆ ಒಣಗಿ ಕಂದು ಹಕ್ಕಳೆ ಕಟ್ಟಿತ್ತು. ಬಲ ಸೊಂಟದಲ್ಲಿ, ಸರಿಯಾಗಿ ಚಡ್ಡಿ ಎಲಾಸ್ಟಿಕ್ ಉಜ್ಜೋ ಜಾಗದಲ್ಲಿ, ಒಂದು ಮಾತ್ರ ಬೇರೆ ಥರ ಇತ್ತು. ಹಕ್ಕಳೆ ಜೇನಿನ ಬಣ್ಣಕ್ಕೆ ಮೆತ್ತಗಿತ್ತು, ಅಂಚಲ್ಲಿ ಹಳದಿ ಕೀವು, ಸುತ್ತ ಒಂದು ರೂಪಾಯಿ ಕಾಯಿನ್‌ಗಿಂತ ದೊಡ್ಡದಾಗಿ ಚರ್ಮ ಬಿಗಿದು ಹೊಳೀತಿತ್ತು. ಬೆರಳ ಹಿಂಭಾಗ ಇಟ್ರೆ ಅಲ್ಲಿ ಮಾತ್ರ ಸುಡ್ತಿತ್ತು, ಅವಳು ಚೀರಿದ್ಲು. ನಮ್ಮ ಬಣ್ಣದ ಚರ್ಮದಲ್ಲಿ ಕೆಂಪು ಅಷ್ಟು ಸುಲಭಕ್ಕೆ ಕಾಣಲ್ಲ, ಅದಕ್ಕೇ ಕಣ್ಣಿಗಿಂತ ಕೈ ನಂಬಿ: ಬಿಸಿ, ಗಟ್ಟಿ, ಮುಟ್ಟಿದ್ರೆ ನೋವು. ಗುಳ್ಳೆ ತುರಿಸತ್ತೆ, ಇನ್ಫೆಕ್ಷನ್ ನೋಯತ್ತೆ. ಎಲ್ಲಾ ಗುಳ್ಳೆ ಸುತ್ತಾನೂ ಸಣ್ಣ ಕೆಂಪು ಉಂಗುರ ಇದ್ದೇ ಇರತ್ತೆ, ಅದಕ್ಕೆ ಹೆದರ್ಬೇಡಿ, ದಿನದಿಂದ ದಿನಕ್ಕೆ ಅಗಲ ಆಗೋ ಉಂಗುರ ಕಷ್ಟ.

ಬಾಲ್ ಪೆನ್ನಲ್ಲಿ ಆ ಅಂಚಿನ ಸುತ್ತ ಗೆರೆ ಎಳೆದು ಟೈಮ್ ಬರೆದು, ಫೋಟೋ ತೆಗೆದು, ಅದೇ ರಾತ್ರಿ ಕರ್ಕೊಂಡು ಹೋದ್ವಿ. ಅಷ್ಟರಲ್ಲಿ ಗೆರೆ ಒಂದು ಕಡೆ ದಾಟಿತ್ತು, ತೊಡೆ ಸಂದೀಲಿ ಒಂದು ಗಂಟು ಕೈಗೆ ಸಿಗ್ತಿತ್ತು. ಡಾಕ್ಟ್ರು ಏಳು ದಿನಕ್ಕೆ ಆಂಟಿಬಯೋಟಿಕ್ ಸಿರಪ್ ಬರೆದ್ರು, ದಿನಾ ಗೆರೆ ನೋಡಿ, ಔಷಧಿ ಶುರುವಾದ್ಮೇಲೂ ಹರಡ್ತಿದ್ರೆ ತಕ್ಷಣ ವಾಪಸ್ ಬನ್ನಿ ಅಂದ್ರು. ಮಾರನೇ ದಿನ ಗೆರೆ ಅಲ್ಲೇ ಇತ್ತು, ಅದರ ಮಾರನೇ ದಿನ ಊತ ಗೆರೆಯಿಂದ ಒಳಗೆ ಸರೀತು, ಜ್ವರಾನೂ ಹೋಯ್ತು. ಮೂರನೇ ದಿನಕ್ಕೆ ಪೂರ್ತಿ ವಾಸಿ ಆದಂಗೆ ಕಾಣ್ತು, ಆದ್ರೂ ಏಳು ದಿನ ಮುಗಿಸಿದ್ವಿ. ಮೊದಲ ದಿನವೇ ಎಲಾಸ್ಟಿಕ್ ಚಡ್ಡಿ ಬಿಡಿಸಿ ಬರೀ ಫ್ರಾಕ್ ಹಾಕಿದ್ದಿದ್ರೆ ಆಗ್ತಿರ್ಲಿಲ್ವೇನೋ. ಡೈಪರ್ ಹಾಕೋ ಮಕ್ಕಳ ಸೊಂಟ, ತೊಡೆ ಸಂದಿ ಇದೇ ಲೆಕ್ಕದಲ್ಲಿ ದಿನಾ ನೋಡಿ.

ಬೆಳಗಾಗೋವರೆಗೂ ಕಾಯ್ದೇ ಆಸ್ಪತ್ರೆಗೆ ಓಡ್ಬೇಕಾದ ಸಂದರ್ಭ ಬೇರೆ ಇದೆ. ಮೇಲೆ ಕಾಣೋ ಗಾಯ ಸಣ್ಣದು, ಆದ್ರೆ ನೋವು ಅದಕ್ಕೆ ಹೊಂದದಷ್ಟು ಜೋರು, ಕಾಲು ಊರಲ್ಲ, ಕೈ ಎತ್ತಲ್ಲ ಅಂದ್ರೆ ಇನ್ಫೆಕ್ಷನ್ ಆಳಕ್ಕೆ ಇಳಿದಿರಬಹುದು. ಸುತ್ತ ಚರ್ಮ ನೇರಳೆ ಅಥವಾ ಕಪ್ಪು ತಿರುಗಿದ್ರೆ, ಗುಳ್ಳೆ ಒಳಗೆ ರಕ್ತ ತುಂಬಿದ್ರೆ, ಮೈಯೆಲ್ಲಾ ಬಿಸಿಲಿಗೆ ಸುಟ್ಟಂಗೆ ಕೆಂಪಾಗಿ ಮಗು ಸೋತು ಬಿದ್ರೆ ಅದೂ ಅಷ್ಟೇ. ಇನ್ನು ಬ್ಯಾಕ್ಟೀರಿಯಾ ಅಲ್ದೆ ವೈರಸ್ಸೇ ಒಳಗೆ ಹೋದ ಗುರುತೂ ಇರತ್ತೆ: ಉಸಿರು ಏದುಸಿರಾಗಿ ಪಕ್ಕೆ ಸೆಳೀತಿದ್ರೆ, ನಡೆಯುವಾಗ ತೂರಾಡ್ತಿದ್ರೆ, ವಾಂತಿ ನಿಲ್ದೆ ಮಂಪರಿದ್ರೆ, ಕತ್ತು ಬಗ್ಗಿಸೋಕೆ ಆಗ್ದಿದ್ರೆ, ಫಿಟ್ಸ್ ಬಂದ್ರೆ. ಕಣ್ಣುಗುಡ್ಡೆ ಮೇಲೆ ಗುಳ್ಳೆ ಕಂಡ್ರೆ ಅಥವಾ ಕಣ್ಣು ಕೆಂಪಾಗಿ ಬೆಳಕು ನೋಡಕ್ಕಾಗ್ದೆ ಇದ್ರೆ ಅವತ್ತೇ ತೋರಿಸಿ.

ಕಲೆ

ಕಲೆ ಎರಡು ಥರ, ಎರಡನ್ನೂ ಒಂದೇ ಅಂದ್ಕೊಂಡು ಜನ ಸುಮ್ನೆ ದುಡ್ಡು ಸುರೀತಾರೆ. ಒಂದು ಬರೀ ಬಣ್ಣದ ಕಲೆ, ಹಕ್ಕಳೆ ಉದುರಿದ ಜಾಗ ಕಪ್ಪಗೋ ಬೆಳ್ಳಗೋ ಇರತ್ತೆ, ಕೈ ಆಡಿಸಿದ್ರೆ ಚರ್ಮ ಸಮ ಇರತ್ತೆ. ಇದು ಕೆಲವು ತಿಂಗಳಲ್ಲಿ ತಾನೇ ಹೋಗತ್ತೆ, ಬಿಸಿಲು ಬಿದ್ರೆ ನಿಧಾನ. ಇನ್ನೊಂದು ಗುಳಿ, ಚರ್ಮದ ಆಳದ ಪದರಕ್ಕೇ ಪೆಟ್ಟಾಗಿರೋದು, ಅದು ಪೂರ್ತಿ ಹೋಗಲ್ಲ. ಗುಳಿ ಬೀಳೋದು ಹೆಚ್ಚಾಗಿ ಕಿತ್ತ ಹಕ್ಕಳೆಯಿಂದ, ಇಲ್ಲಾಂದ್ರೆ ಕೀವಾದ ಗುಳ್ಳೆಯಿಂದ, ಅಂದ್ರೆ ತುರಿಕೆ ಕಮ್ಮಿ ಮಾಡೋದು, ಇನ್ಫೆಕ್ಷನ್ ಬೇಗ ಹಿಡಿಯೋದು, ಇದೇ ಕಲೆಯ ಔಷಧಿ, ಆಮೇಲಿನ ಕ್ರೀಮ್ ಅಲ್ಲ.

ಅದಕ್ಕೇ ಹಕ್ಕಳೆ ಸ್ಟೇಜಲ್ಲಿ ಕೈಗೆ ಇನ್ನೂ ಹೆಚ್ಚು ಕಾವಲು ಬೇಕು. ಒಣಗಿ ಬಿರಿದ ಹಕ್ಕಳೆ ಎಳೆಯುತ್ತೆ, ಮಗು ಕೀಳತ್ತೆ. ದಿನಕ್ಕೆ ಎರಡು ಸಲ ವ್ಯಾಸಲಿನ್ ತೆಳ್ಳಗೆ ಸವರಿದ್ರೆ ಮೆತ್ತಗಿದ್ದು ತಾನೇ ಉದುರತ್ತೆ, ಒಂದೆರಡು ವಾರ ಹಿಡಿಯತ್ತೆ. ಸ್ನಾನದಲ್ಲಿ ಅರ್ಧ ಬಿಟ್ಕೊಂಡಿರೋದನ್ನ ನೋಡಿ ನಮ್ಮ ಕೈಯೂ ತುರಿಸತ್ತೆ, ತೆಗೀಬೇಡಿ. ಉದುರಿದ್ಮೇಲೆ ಕೆಲವು ತಿಂಗಳು ಮುಖದ ಮೇಲೆ ನೇರ ಬಿಸಿಲು ಬೀಳ್ದಂಗೆ ಟೋಪಿ, ಮಕ್ಕಳಿಗೆ ಆಗೋ ಸನ್‌ಸ್ಕ್ರೀನ್ ಹಾಕಿ. ನಿಂಬೆ ರಸ, ಕಡಲೆಹಿಟ್ಟಿನ ಉಜ್ಜುವಿಕೆ, ಬೆಳ್ಳಗಾಗೋ ಕ್ರೀಮು ಹೊಸ ಚರ್ಮದ ಮೇಲೆ ಬೇಡ. ಆರು ತಿಂಗಳು ವರ್ಷ ಆದ್ಮೇಲೂ ಗುಳಿ ಎದ್ದು ಕಾಣ್ತಿದ್ರೆ ಚರ್ಮದ ಡಾಕ್ಟ್ರನ್ನ ಕೇಳ್ಬೋದು.

ನನ್ನ ಮಗಳಿಗೆ ಮುಖದಲ್ಲಿದ್ದ ಕಲೆಗಳೆಲ್ಲಾ ದೀಪಾವಳಿ ಹೊತ್ತಿಗೆ ಕಾಣದಂಗಾಯ್ತು. ಸೊಂಟದ್ದು ಉಳೀತು, ಒಂದು ಮೆಣಸಿನ ಕಾಳು ಕೂರೋವಷ್ಟು ಗುಳಿ.

ಮನೇಲಿರೋ ಬೇರೆಯವರು, ಮತ್ತೆ ಸ್ಕೂಲು

ಗುಳ್ಳೆ ಕಾಣೋ ಒಂದೆರಡು ದಿನ ಮುಂಚಿಂದಾನೇ ಇದು ಹರಡತ್ತೆ, ಅದಕ್ಕೇ ಗೊತ್ತಾದ ಹೊತ್ತಿಗೆ ಮನೆಯವರಿಗೆಲ್ಲಾ ತಾಗಿರತ್ತೆ. ತಾಗಿದ್ಮೇಲೆ ಹೊರಗೆ ಬರೋಕೆ 10ರಿಂದ 21 ದಿನ. ಲಸಿಕೆ ಹಾಕಿಸದ ಅಣ್ಣ ತಮ್ಮ ಅಕ್ಕ ತಂಗಿ ಇದ್ರೆ ಮೂರು ದಿನದೊಳಗೆ, ತಡ ಅಂದ್ರೆ ಐದು ದಿನದೊಳಗೆ, ಲಸಿಕೆ ಹಾಕಿಸಿದ್ರೆ ಬರದಂಗೋ ಜೋರಾಗದಂಗೋ ತಡೀಬೋದು, ಡಾಕ್ಟ್ರನ್ನ ಅವತ್ತೇ ಕೇಳಿ. ಇದು ಸರ್ಕಾರದ ಉಚಿತ ಲಸಿಕೆ ಪಟ್ಟೀಲಿ ಬರಲ್ಲ, ದುಡ್ಡು ಕೊಟ್ಟು ಹಾಕಿಸ್ಬೇಕು, 15 ತಿಂಗಳಿಗೊಂದು, ಆಮೇಲೆ ಕೆಲವು ತಿಂಗಳಿಗೆ ಇನ್ನೊಂದು ಡೋಸ್. ದೊಡ್ಡ ಮಗನಿಗೆ ಎರಡೂ ಆಗಿತ್ತು, ಒಂದೇ ರೂಮಲ್ಲಿ ಮಲ್ಗಿದ್ರೂ ಒಂದು ಗುಳ್ಳೆ ಏಳಲಿಲ್ಲ. ಮಗಳಿಗೆ ಮುಂದೂಡ್ತಾ ಮುಂದೂಡ್ತಾ ಬಿಟ್ಟೇ ಹೋಗಿತ್ತು, ಅದು ನನ್ನದೇ ತಪ್ಪು. ಮನೇಲಿ ಬಸುರಿ ಇದ್ದು ಅವರಿಗೆ ಹಿಂದೆ ಅಮ್ಮ ಆಗಿಲ್ಲ, ಲಸಿಕೆನೂ ಆಗಿಲ್ಲ ಅಂದ್ರೆ ಗುಳ್ಳೆ ಬರಲಿ ನೋಡೋಣ ಅಂತ ಕಾಯ್ಬೇಡಿ, ಅವರ ಡಾಕ್ಟ್ರಿಗೆ ತಕ್ಷಣ ಫೋನ್ ಮಾಡ್ಬೇಕು.

ಸ್ಕೂಲಿಗೆ ಕಳ್ಸೋದು ದಿನ ಎಣಿಸಿ ಅಲ್ಲ, ಎಲ್ಲಾ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ್ಮೇಲೆ. ಹಕ್ಕಳೆ ಉದುರೋವರೆಗೂ ಕಾಯೋದು ಬೇಕಿಲ್ಲ, ಒಣ ಹಕ್ಕಳೆಯಿಂದ ಹರಡಲ್ಲ. ಒಂಬತ್ತನೇ ದಿನ ನೀರು ಹಾಕಿ ಆಯ್ತು, ನಾಳೆ ಕಳ್ಸೋಣ ಅಂತ ಯೂನಿಫಾರ್ಮ್ ಇಸ್ತ್ರಿ ಮಾಡಿಟ್ಟು, ರಾತ್ರಿ ತಲೆ ಬಾಚುವಾಗ ನೋಡ್ತೀನಿ, ಕಿವಿ ಹಿಂದೆ ಕೂದಲ ಸಂದೀಲಿ ಒಂದು ಇನ್ನೂ ಹಸಿಯಾಗಿದೆ. ಅತ್ತೆಗೆ ತೋರಿಸ್ದೆ. "ಇನ್ನೆರಡು ದಿನ ಇರ್ಲಿ ಬಿಡಮ್ಮ" ಅಂದ್ರು, ಯೂನಿಫಾರ್ಮ್ ವಾಪಸ್ ಮಡಚಿಟ್ಟೆ.